ಒಂದೇ ವರ್ಷ ಮುಗಿಯುವ ಎರಡು ಸರ್ಕಾರಿ ಬಾಂಡ್: 8.28 ಯಾಕೆ 6.54ಕ್ಕಿಂತ ಮೇಲಲ್ಲ?

ಭಾರತ ಸರ್ಕಾರದ ಎರಡು ಬಾಂಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದರ ಹೆಸರು 6.54% GS 2032. ಅದು 2032ರ ಜನವರಿ 17ಕ್ಕೆ ಮುಗಿಯುತ್ತದೆ. ಇನ್ನೊಂದು 8.28% GS 2032. ಅದು ಅದೇ ವರ್ಷ ಫೆಬ್ರವರಿ 15ಕ್ಕೆ ಮುಗಿಯುತ್ತದೆ. ಸಾಲ ತೆಗೆದುಕೊಂಡವರು ಒಬ್ಬರೇ, ಅವಧಿಯೂ ಹೆಚ್ಚುಕಮ್ಮಿ ಒಂದೇ. ಎರಡೂ ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತವೆ. ಆದರೆ ಒಂದು ನೂರಕ್ಕೆ ವರ್ಷಕ್ಕೆ 6.54 ರೂಪಾಯಿ ಕೊಟ್ಟರೆ ಇನ್ನೊಂದು 8.28 ಕೊಡುತ್ತದೆ.

2022ರ ಜುಲೈನಲ್ಲಿ ನನ್ನ ಪರಿಚಯದ ಒಬ್ಬರು ಇವೆರಡರ ನಡುವೆ ಆರಿಸಬೇಕಿತ್ತು. ಅವರು ನಿವೃತ್ತ ಕಾಲೇಜು ಪ್ರಿನ್ಸಿಪಾಲರು. ನಮಗೆಲ್ಲ ಮೇಷ್ಟ್ರು. ಸಾಮಾನ್ಯರೂ ನೇರವಾಗಿ ಸರ್ಕಾರಿ ಬಾಂಡ್ ಕೊಳ್ಳಬಹುದಾದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ ತೆರೆದಿದ್ದರು. ಕೈಯಲ್ಲಿ ಹತ್ತು ಲಕ್ಷ ಇತ್ತು. ಪರದೆ ಮೇಲೆ ಹೆಸರುಗಳನ್ನು ನೋಡಿದ ಕೂಡಲೇ ಅವರು ಕೇಳಿದ್ದು ಇಷ್ಟು: "ನೂರಕ್ಕೆ ಎಂಟೂ ಕಾಲು ಸಿಗೋದು ಬಿಟ್ಟು ಆರೂವರೆ ತಗೊಳ್ಳೋನು ಯಾರಪ್ಪ?"

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಜೀವಮಾನವೆಲ್ಲ ಎಫ್‌ಡಿ ಇಟ್ಟವರು ಹೀಗೇ ಕೇಳುತ್ತಾರೆ. ಎಫ್‌ಡಿಯಲ್ಲಿ ರಸೀದಿ ಮೇಲಿನ ದರವೇ ನಿಮ್ಮ ಗಳಿಕೆ. ಯಾಕೆಂದರೆ ನೂರು ರೂಪಾಯಿಯ ಎಫ್‌ಡಿಗೆ ನೀವು ನೂರೇ ರೂಪಾಯಿ ಕೊಡುತ್ತೀರಿ. ಆ ರಸೀದಿಯನ್ನು ಯಾರೂ 94 ರೂಪಾಯಿಗೆ ಮಾರುವುದಿಲ್ಲ, 106ಕ್ಕೆ ಕೊಳ್ಳುವುದೂ ಇಲ್ಲ. ಬಾಂಡ್ ಹಾಗಲ್ಲ, ಅದು ಕೈ ಬದಲಾಗುತ್ತದೆ. ಕೈ ಬದಲಾದಾಗ ಬೆಲೆಯೂ ಬದಲಾಗುತ್ತದೆ. ಹೆಸರಿನಲ್ಲಿರುವ ಬಡ್ಡಿ ದರ ಮಾತ್ರ ಕೊನೆವರೆಗೂ ಹಾಗೇ ಇರುತ್ತದೆ.

6.54 ಎಲ್ಲಿಂದ ಬಂತು

ಹೆಸರಿನಲ್ಲಿರುವ ಈ ಬಡ್ಡಿ ದರಕ್ಕೆ ಕೂಪನ್ ಅನ್ನುತ್ತಾರೆ, ಅದನ್ನು ಸರ್ಕಾರ ಸುಮ್ನೆ ಕೂತು ನಿರ್ಧರಿಸುವುದಿಲ್ಲ. ಹೊಸ ಬಾಂಡ್ ಬರುವಾಗ ರಿಸರ್ವ್ ಬ್ಯಾಂಕ್ ಹರಾಜು ನಡೆಸುತ್ತದೆ. ಬ್ಯಾಂಕುಗಳು, ವಿಮಾ ಕಂಪನಿಗಳು, ಪ್ರೈಮರಿ ಡೀಲರ್‌ಗಳು "ಹಾಕುವ ಹಣಕ್ಕೆ ನಮಗೆ ವರ್ಷಕ್ಕೆ ಇಷ್ಟು ಗಳಿಕೆ, ಅಂದರೆ ಯೀಲ್ಡ್, ಬೇಕು" ಎಂದು ಬಿಡ್ ಹಾಕುತ್ತಾರೆ. ಕಡಿಮೆ ಕೇಳಿದವರಿಂದ ಶುರು ಮಾಡಿ, ಬೇಕಾದಷ್ಟು ಸಾಲ ಭರ್ತಿಯಾಗುವ ಕಡೆ ಗೆರೆ ಎಳೆಯುತ್ತಾರೆ. ಆ ಕಟ್-ಆಫ್ ಯೀಲ್ಡೇ ಹೊಸ ಬಾಂಡಿನ ಕೂಪನ್ ಆಗುತ್ತದೆ. 2022ರ ಜನವರಿಯ ಹರಾಜಿನಲ್ಲಿ ಆ ಗೆರೆ 6.54ಕ್ಕೆ ಬಿತ್ತು. ಅಂದರೆ ಹುಟ್ಟಿದ ದಿನ ಈ ಬಾಂಡಿನ ಕೂಪನ್ನೂ ಯೀಲ್ಡೂ ಒಂದೇ. ಬೆಲೆ ಸರಿಯಾಗಿ ನೂರು.

8.28ರದ್ದೂ ಇದೇ ಕಥೆ, ಆದರೆ ಅದು ಹುಟ್ಟಿದ್ದು 2007ರಲ್ಲಿ, 25 ವರ್ಷದ ಬಾಂಡ್ ಆಗಿ. ಆಗ ದೇಶದಲ್ಲಿ ಬಡ್ಡಿ ದರಗಳೇ ಎಂಟರ ಮೇಲಿದ್ದವು. ಹಾಗಾಗಿ ಅದರ ಹೆಸರಿನಲ್ಲಿರುವ 8.28, 2007ರ ಮಾರುಕಟ್ಟೆ ಹೇಗಿತ್ತು ಎನ್ನುವುದರ ದಾಖಲೆ ಅಷ್ಟೆ. 2022ರಲ್ಲಿ ಕೊಳ್ಳುವವರಿಗೆ ಎಷ್ಟು ಸಿಗುತ್ತದೆ ಅನ್ನೋದನ್ನು ಆ ಸಂಖ್ಯೆ ಹೇಳುವುದಿಲ್ಲ.

ಮೇಷ್ಟ್ರು ಕೇಳುವ ಹೊತ್ತಿಗೆ 6.54 ಕೂಡ ಹಳೆಯದಾಗಿತ್ತು, ಅದೂ ಆರೇ ತಿಂಗಳಲ್ಲಿ. ಫೆಬ್ರವರಿ ಕೊನೆಗೆ ಉಕ್ರೇನ್ ಯುದ್ಧ ಶುರುವಾಯಿತು, ಕಚ್ಚಾ ತೈಲ ಏರಿತು. ಏಪ್ರಿಲ್‌ನಲ್ಲಿ ಚಿಲ್ಲರೆ ಹಣದುಬ್ಬರ 7.79% ಮುಟ್ಟಿತು. ಮೇ 4ರಂದು ರಿಸರ್ವ್ ಬ್ಯಾಂಕ್ ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು 4ರಿಂದ 4.40ಕ್ಕೆ ಏರಿಸಿತು. ಜೂನ್ 8ಕ್ಕೆ ಅದು 4.90 ಆಯಿತು. ಮೇ 4ರ ಒಂದೇ ದಿನದಲ್ಲಿ ಹತ್ತು ವರ್ಷದ ಯೀಲ್ಡ್ 7.1ರ ಆಸುಪಾಸಿನಿಂದ 7.4ರ ಹತ್ತಿರಕ್ಕೆ ಜಿಗಿಯಿತು. ಜುಲೈನಲ್ಲೂ 7.4ರ ಸುತ್ತಮುತ್ತವೇ ಇತ್ತು.

ಈಗ 6.54ರ ಬಾಂಡ್ ಹಿಡಿದವರ ಜಾಗದಲ್ಲಿ ನಿಂತು ನೋಡಿ. ಮಾರುಕಟ್ಟೆಯಲ್ಲಿ ಎಲ್ಲರೂ ಸರ್ಕಾರಕ್ಕೆ ಸಾಲ ಕೊಡಲು 7.4 ಕೇಳುತ್ತಿದ್ದಾರೆ. ನಿಮ್ಮ ಕಾಗದ 6.54 ಮಾತ್ರ ಕೊಡುತ್ತದೆ. ನೂರು ರೂಪಾಯಿಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಕೂಪನ್ ಬದಲಿಸುವ ಅಧಿಕಾರ ನಿಮಗಿಲ್ಲ, ಸರ್ಕಾರವೂ ಬದಲಿಸುವುದಿಲ್ಲ. ಉಳಿದಿರುವುದು ಬೆಲೆ ಇಳಿಸುವ ದಾರಿ ಒಂದೇ. ಎಷ್ಟು ಇಳಿಸಬೇಕು? ಕೊಂಡವರಿಗೆ ಕೊನೆವರೆಗಿನ ಲೆಕ್ಕದಲ್ಲಿ 7.4 ಬೀಳುವಷ್ಟು. ಹೀಗೆ ಕೊಂಡ ಬೆಲೆ, ಬರುವ ಬಡ್ಡಿ, ಕೊನೆಗೆ ಸಿಗುವ ನೂರು ಮೂರನ್ನೂ ಸೇರಿಸಿ ಹೊರಡುವ ದರಕ್ಕೇ ಯೀಲ್ಡ್ ಟು ಮೆಚ್ಯೂರಿಟಿ, ಚಿಕ್ಕದಾಗಿ ವೈಟಿಎಂ, ಅನ್ನುವುದು.

ಕಾಗದದ ಮೇಲೆ ಲೆಕ್ಕ

ಜುಲೈ 17ಕ್ಕೆ 6.54ರ ಬಾಂಡಿನ ಮೊದಲ ಬಡ್ಡಿ ಕಂತು ಬರಬೇಕಿತ್ತು. ಅವತ್ತು ಭಾನುವಾರ, ಹಾಗಾಗಿ ಸೋಮವಾರ ಬಂತು. ಲೆಕ್ಕಕ್ಕೆ ಆ ಸೋಮವಾರ, ಜುಲೈ 18ನ್ನೇ ಹಿಡಿದೆ. ಕೊಳ್ಳುವವರಿಗೆ ಇನ್ನು 19 ಅರ್ಧವಾರ್ಷಿಕ ಕಂತುಗಳು ಬಾಕಿ, ಒಂದೊಂದೂ 3.27 ರೂಪಾಯಿ. ಕೊನೆ ಕಂತಿನ ಜೊತೆ ಅಸಲು ನೂರು. ಎರಡೂ ಬಾಂಡಿಗೆ ಯೀಲ್ಡ್ 7.40 ಎಂದು ಇಟ್ಟುಕೊಂಡೆ, ಅಂದರೆ ಆರು ತಿಂಗಳಿಗೆ 3.70.

ಮೊದಲ ಕಂತು ಬರಲು ಆರು ತಿಂಗಳಿದೆ. ಈ ದರದಲ್ಲಿ ಇವತ್ತಿನ ಒಂದು ರೂಪಾಯಿ ಆರು ತಿಂಗಳಿಗೆ 1.037 ಆಗುತ್ತದೆ, ಹಾಗಾಗಿ ಹಿಂದಕ್ಕೆ ಬರಲು ಅದರಿಂದಲೇ ಭಾಗಿಸಬೇಕು. ಅದರ ಇವತ್ತಿನ ಬೆಲೆ 3.27ನ್ನು 1.037ರಿಂದ ಭಾಗಿಸಿದರೆ 3.15. ಎರಡನೆಯದನ್ನು ಎರಡು ಸಲ ಭಾಗಿಸಬೇಕು, 3.04. ಹೀಗೆ ಪ್ರತಿ ಕಂತೂ ಸ್ವಲ್ಪ ಸ್ವಲ್ಪ ಸವೆಯುತ್ತಾ ಹೋಗುತ್ತದೆ. 19 ಕಂತುಗಳನ್ನೂ ಕೂಡಿದರೆ 44.06 ರೂಪಾಯಿ. ಒಂಬತ್ತೂವರೆ ವರ್ಷ ಬಿಟ್ಟು ಬರುವ ಆ ನೂರು ರೂಪಾಯಿಯ ಇವತ್ತಿನ ಬೆಲೆ 50.14 ಮಾತ್ರ. ಮೇಷ್ಟ್ರಿಗೆ ಇಲ್ಲಿ ನಂಬಿಕೆ ಬರಲಿಲ್ಲ. ಕ್ಯಾಲ್ಕುಲೇಟರ್ ತೆಗೆದು ನೂರನ್ನು 1.037ರಿಂದ ಹತ್ತೊಂಬತ್ತು ಸಲ ಭಾಗಿಸಿಯೇ ಬಿಟ್ಟರು. ಐವತ್ತೇ ಬಂತು. ಎರಡನ್ನೂ ಕೂಡಿದರೆ 94.21. ಬಾಂಡಿನ ಬೆಲೆ ಇದು.

8.28ರದ್ದೂ ಹಾಗೇ. ಇಲ್ಲಿ 20 ಕಂತು ಬಾಕಿ, ಒಂದೊಂದೂ 4.14. ಮೊದಲನೆಯದು ಬರಲು ಬರೀ 27 ದಿನ. ಎಲ್ಲವನ್ನೂ 7.40ರಲ್ಲಿ ಇವತ್ತಿಗೆ ತಂದು ಕೂಡಿದರೆ 109.47 ಬರುತ್ತದೆ. ಆದರೆ ಪರದೆ ಮೇಲೆ ಕಾಣುವ ಬೆಲೆ 105.95. ಈ ಮೂರೂವರೆ ರೂಪಾಯಿ ವ್ಯತ್ಯಾಸ ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಅಂದರೆ ಒಂದು ಬಾಂಡ್ 94ಕ್ಕೆ, ಇನ್ನೊಂದು 106ಕ್ಕೆ. ಆರೂವರೆ ಕೊಡುವುದನ್ನು ಅಗ್ಗಕ್ಕೆ ಕೊಂಡು ಕೊನೆಗೆ ಸುಮಾರು ಆರು ರೂಪಾಯಿ ಲಾಭ ಪಡೆಯುತ್ತೀರಿ. ಎಂಟೂ ಕಾಲು ಕೊಡುವುದನ್ನು ಜಾಸ್ತಿ ಕೊಟ್ಟು ಕೊಂಡು ಕೊನೆಗೆ ಸುಮಾರು ಆರು ರೂಪಾಯಿ ಕಳೆದುಕೊಳ್ಳುತ್ತೀರಿ. ಎರಡರಿಂದಲೂ ಬೀಳುವುದು 7.40.

ಕ್ಯಾಲ್ಕುಲೇಟರ್ ಇಲ್ಲದೆಯೂ ಇದನ್ನು ಅಂದಾಜು ಮಾಡಬಹುದು. 6.54ರಲ್ಲಿ ಕೊನೆಯ ಲಾಭ 5.79 ರೂಪಾಯಿ. ಅದನ್ನು ಒಂಬತ್ತೂವರೆ ವರ್ಷಕ್ಕೆ ಹಂಚಿದರೆ ವರ್ಷಕ್ಕೆ 61 ಪೈಸೆ. ಬಡ್ಡಿಗೆ ಅದನ್ನು ಸೇರಿಸಿದರೆ 7.15. ಕೊಂಡ ಬೆಲೆ ಮತ್ತು ನೂರರ ಸರಾಸರಿ 97.1. 7.15ನ್ನು ಅದರಿಂದ ಭಾಗಿಸಿದರೆ 7.36%. 8.28ಕ್ಕೂ ಹೀಗೇ ಮಾಡಿ, ಆದರೆ ಕೂಡುವ ಬದಲು ವರ್ಷಕ್ಕೆ 62 ಪೈಸೆ ಕಳೆಯಿರಿ, 7.44% ಬರುತ್ತದೆ. ನಿಜವಾದ 7.40ಕ್ಕೆ ಎರಡೂ ಹತ್ತಿರ. ಮಾರಾಟಗಾರರು "ಎಂಟರ ಮೇಲಿದೆ ಸರ್" ಅಂದಾಗ ಲಕೋಟೆ ಹಿಂದೆ ಬರೆದು ನೋಡಲು ಇಷ್ಟು ಸಾಕು.

ಸರಿಯಾದ ಉತ್ತರ ಬೇಕಿದ್ದರೆ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು:

```
=YIELD(DATE(2022,7,18),DATE(2032,1,17),6.54%,94.21,100,2,0)
=YIELD(DATE(2022,7,18),DATE(2032,2,15),8.28%,105.95,100,2,0)
```

ಕೊನೆಯಿಂದ ಎರಡನೆಯ 2 ಎಂದರೆ ವರ್ಷಕ್ಕೆ ಎರಡು ಕಂತು. ಕೊನೆಯ 0 ಎಂದರೆ ತಿಂಗಳಿಗೆ 30 ದಿನ, ವರ್ಷಕ್ಕೆ 360 ದಿನ ಎಂಬ ಲೆಕ್ಕ. ನಮ್ಮ ಸರ್ಕಾರಿ ಬಾಂಡ್‌ಗಳಿಗೆ ಅದೇ ಪದ್ಧತಿ. ಎರಡೂ ಸಾಲು 7.40ರ ಹತ್ತಿರ ಉತ್ತರ ಕೊಡುತ್ತವೆ.

ಪರದೆ ಮೇಲೆ ಇನ್ನೊಂದು ಸಂಖ್ಯೆಯೂ ಕಾಣಬಹುದು, ಕರೆಂಟ್ ಯೀಲ್ಡ್. ವಾರ್ಷಿಕ ಬಡ್ಡಿಯನ್ನು ಬೆಲೆಯಿಂದ ಭಾಗಿಸಿದ್ದು ಅಷ್ಟೆ. 6.54ರದ್ದು 6.94%, 8.28ರದ್ದು 7.81%. ಇದು ಕೊನೆಯ ಲಾಭ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ರೀಮಿಯಂನಲ್ಲಿರುವ, ಅಂದರೆ ನೂರಕ್ಕಿಂತ ಜಾಸ್ತಿ ಬೆಲೆಯ, ಬಾಂಡ್ ಮಾರುವವರಿಗೆ ಈ ಸಂಖ್ಯೆ ತುಂಬಾ ಇಷ್ಟ. ಕಾರಣ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

109.47 ಮತ್ತು 105.95

8.28ರ ಬಾಂಡ್ ಹಿಂದಿನ ಸಲ ಬಡ್ಡಿ ಕೊಟ್ಟಿದ್ದು ಫೆಬ್ರವರಿ 15ಕ್ಕೆ. ಅಲ್ಲಿಂದ ಜುಲೈ 18ರವರೆಗೆ, 30/360 ಲೆಕ್ಕದಲ್ಲಿ, 153 ದಿನ. ಅಷ್ಟು ದಿನ ಬಾಂಡ್ ಇಟ್ಟುಕೊಂಡವರು ಹಳೆ ಮಾಲೀಕರು. ಆದರೆ ಆಗಸ್ಟ್ 15ರ ಪೂರ್ತಿ ಕಂತು ಹೊಸ ಮಾಲೀಕರ ಖಾತೆಗೆ ಬೀಳುತ್ತದೆ. ಅದಕ್ಕೇ ಹಳೆಯವರ ಪಾಲಿನ 3.52 ರೂಪಾಯಿಯನ್ನು ಕೊಳ್ಳುವವರು ಮೊದಲೇ ಕೊಟ್ಟುಬಿಡಬೇಕು. ಪರದೆ ಮೇಲಿನ 105.95ರಲ್ಲಿ ಇದು ಸೇರಿರುವುದಿಲ್ಲ. ಖಾತೆಯಿಂದ ಹೋಗುವ 109.47ರಲ್ಲಿ ಸೇರಿರುತ್ತದೆ.

ಮೊದಲ ಸಲ ಕೊಳ್ಳುವವರು ಇಲ್ಲಿ ಗಾಬರಿಯಾಗುತ್ತಾರೆ. ಮೇಷ್ಟ್ರ ಹತ್ತು ಲಕ್ಷಕ್ಕೆ ಬರುವ 9.1 ಲಕ್ಷ ಮುಖಬೆಲೆಗೆ ಇದು ಹತ್ತಿರ ಹತ್ತಿರ 32,000 ರೂಪಾಯಿ. ಎಲ್ಲೋ ಕಮಿಷನ್ ಕಡಿದರು ಅಂತ ಅನುಮಾನ ಬರುತ್ತದೆ. ಅದು ಕಮಿಷನ್ ಅಲ್ಲ, ಆಗಸ್ಟ್ ಕಂತು ಬಂದಾಗ ವಾಪಸ್ ಬರುತ್ತದೆ. ನಿಜವಾಗಿ ಎಚ್ಚರ ಇರಬೇಕಾದದ್ದು ಬೇರೆ ಕಡೆ. ಈ ಪೂರ್ತಿ ಮೊತ್ತವನ್ನೇ ಬೆಲೆ ಎಂದುಕೊಂಡು ಸ್ಪ್ರೆಡ್‌ಶೀಟಿಗೆ ಹಾಕಿದರೆ ಯೀಲ್ಡ್ ಅರ್ಧ ಶೇಕಡಾದಷ್ಟು ಕಡಿಮೆ ತೋರಿಸುತ್ತದೆ. YIELD ಕೇಳುವುದು ಬಡ್ಡಿ ಬಿಟ್ಟ ಬೆಲೆ.

ಹತ್ತು ಲಕ್ಷಕ್ಕೆ ಏನು ಸಿಗುತ್ತದೆ

ಮೇಷ್ಟ್ರಿಗೆ ಶೇಕಡಾವಾರು ಲೆಕ್ಕ ಸಾಕಾಗಿತ್ತು, ರೂಪಾಯಿಯಲ್ಲಿ ಹೇಳು ಅಂದರು. ಹತ್ತು ಲಕ್ಷದೊಳಗೆ 6.54ರ ಬಾಂಡ್ 10.6 ಲಕ್ಷ ಮುಖಬೆಲೆಗೆ ಬರುತ್ತದೆ. 8.28 ಆದರೆ 9.1 ಲಕ್ಷಕ್ಕೆ. ಮೊದಲನೆಯದರಲ್ಲಿ ವರ್ಷದ ಬಡ್ಡಿ 69,324 ರೂಪಾಯಿ. ಎರಡನೆಯದರಲ್ಲಿ 75,348. ಅಂದರೆ ಅವರು ಆಸೆಪಟ್ಟ ಆ ದೊಡ್ಡ ಅಂತರ ವರ್ಷಕ್ಕೆ ಬರೀ ಆರು ಸಾವಿರಕ್ಕೆ ಇಳಿಯಿತು. 2032ರಲ್ಲಿ ಕೈಗೆ ಬರುವ ಅಸಲು ಮಾತ್ರ ಒಂದರಲ್ಲಿ 10.6 ಲಕ್ಷ, ಇನ್ನೊಂದರಲ್ಲಿ 9.1 ಲಕ್ಷ.

8.28 ಮೋಸ ಅಂತ ಇದರ ಅರ್ಥವಲ್ಲ. ಅದು ನಿಮ್ಮ ಹಣವನ್ನು ಬಡ್ಡಿಯ ರೂಪದಲ್ಲಿ ಬೇಗ ಬೇಗ ಕೊಡುತ್ತದೆ. 6.54 ನಿಧಾನವಾಗಿ, ಕೊನೆಗೆ ಒಟ್ಟಿಗೆ ಕೊಡುತ್ತದೆ. ತಿಂಗಳ ಖರ್ಚಿಗೆ ಬಡ್ಡಿಯನ್ನೇ ನಂಬಿದವರಿಗೆ 8.28ರ ದಾರಿ ಒಪ್ಪಬಹುದು. ಆದರೆ ಅವರಿಗೂ ಒಂದು ವಿಷಯ ಗೊತ್ತಿರಬೇಕು. ಪ್ರತಿ ಕಂತಿನಲ್ಲೂ ಒಂದು ಚೂರು ಅವರ ಸ್ವಂತ ಅಸಲೇ ವಾಪಸ್ ಬರುತ್ತಿರುತ್ತದೆ. ಪೂರ್ತಿ ಖರ್ಚು ಮಾಡಿದರೆ 2032ರಲ್ಲಿ ಹತ್ತು ಲಕ್ಷದ ಜಾಗದಲ್ಲಿ 9.1 ಲಕ್ಷ ನೋಡಿ ಬೇಜಾರಾಗುತ್ತದೆ.

ಎರಡೂ ಬಾಂಡಿನಲ್ಲಿ 7.40 ಸಮ ಎಂದೆ. ಆದರೆ ಆದಾಯ ತೆರಿಗೆ ಬಂದ ಕೂಡಲೇ ಆ ಸಮ ಕೆಡುತ್ತದೆ. ಬಡ್ಡಿ ಪೂರ್ತಿ ನಿಮ್ಮ ಸ್ಲ್ಯಾಬಿನ ಪ್ರಕಾರ ತೆರಿಗೆಗೆ ಬೀಳುತ್ತದೆ. ಅಗ್ಗಕ್ಕೆ ಕೊಂಡು ಕೊನೆಗೆ ನೂರು ಪಡೆದಾಗಿನ ಲಾಭ ದೀರ್ಘಾವಧಿ ಬಂಡವಾಳ ಲಾಭ. ಅದಕ್ಕೆ ಆಗ ದರ 10%, 2024ರ ಜುಲೈ 23ರಿಂದ 12.5%. ಪ್ರೀಮಿಯಂ ಕೊಟ್ಟು ಕೊಂಡವರ ಕಷ್ಟವೇ ಬೇರೆ. ಅವರು 8.28ರ ಮೇಲೂ ಪೂರ್ತಿ ತೆರಿಗೆ ಕಟ್ಟುತ್ತಾರೆ, ಅದರಲ್ಲಿ ಒಂದು ಭಾಗ ಅವರದ್ದೇ ಅಸಲಾದರೂ. ಕೊನೆಯ ಆರು ರೂಪಾಯಿ ನಷ್ಟವನ್ನು ಬಡ್ಡಿಯಿಂದ ಕಳೆಯಲು ಬರುವುದಿಲ್ಲ. ಬೇರೆ ದೀರ್ಘಾವಧಿ ಲಾಭ ಇದ್ದರೆ ಮಾತ್ರ ಅದರ ಎದುರು ಹೊಂದಿಸಬಹುದು. ಪಿಂಚಣಿ, ಮನೆ ಬಾಡಿಗೆ ಎಲ್ಲ ಸೇರಿ ಮೇಷ್ಟ್ರು 30% ಸ್ಲ್ಯಾಬಿನಲ್ಲಿದ್ದರು. ಸೆಸ್ ಬಿಟ್ಟು ಲೆಕ್ಕ ಹಾಕಿದರೆ ತೆರಿಗೆ ಆದ ಮೇಲೆ 6.54ರಿಂದ ಸುಮಾರು 5.3% ಬೀಳುತ್ತಿತ್ತು, 8.28ರಿಂದ ಸುಮಾರು 5.0%. ದೊಡ್ಡ ಕೂಪನ್ ಇದ್ದದ್ದೇ ಹಿಂದೆ ಬಿತ್ತು.

ಇನ್ನೊಂದು ಮಾತೂ ಇತ್ತು. ಲೆಕ್ಕ ಸುಲಭವಾಗಲಿ ಎಂದು ಎರಡಕ್ಕೂ 7.40 ಹಿಡಿದೆ, ನಿಜದಲ್ಲಿ ಹಾಗೇ ಇರಬೇಕಿಲ್ಲ. ಹೊಸ ಹತ್ತು ವರ್ಷದ ಬಾಂಡ್‌ನಲ್ಲಿ ದಿನವೂ ಭರ್ಜರಿ ವ್ಯಾಪಾರ. ಹಳೆ ಬಾಂಡ್‌ಗಳು ವಿಮಾ ಕಂಪನಿಗಳ ಕಪಾಟಿನಲ್ಲಿ ಮಲಗಿರುತ್ತವೆ. ಕೊಳ್ಳುವ ಮಾರುವ ದರಗಳ ನಡುವೆ ಅಂತರ ಜಾಸ್ತಿ. ಹಾಗಾಗಿ ಹಳೆಯದಕ್ಕೆ ಒಂದಿಷ್ಟು ಹೆಚ್ಚು ಯೀಲ್ಡ್ ಸಿಗುವುದುಂಟು, ನಡುವೆ ಮಾರಬೇಕಾದರೆ ಅದು ಅಲ್ಲೇ ಕರಗುವುದೂ ಉಂಟು.

ಮೇಷ್ಟ್ರು 6.54ನ್ನೇ ಕೊಂಡರು.

7.40 ನಿಜವಾಗಿ ಸಿಗುತ್ತದೆಯೇ

ವೈಟಿಎಂ ನೋಡಿ ಕೊಂಡವರೂ ಒಂದು ಕಡೆ ತಪ್ಪು ತಿಳಿಯುತ್ತಾರೆ. 7.40 ಎಂದರೆ ಹಾಕಿದ ಹಣ ಒಂಬತ್ತೂವರೆ ವರ್ಷ 7.40ರಲ್ಲೇ ಬೆಳೆಯುತ್ತದೆ ಎಂಬ ಭರವಸೆ ಅಲ್ಲ. ಹಾಗೆ ಬೆಳೆಯಬೇಕಾದರೆ ಆರು ತಿಂಗಳಿಗೊಮ್ಮೆ ಬರುವ 3.27 ರೂಪಾಯಿಯನ್ನೂ ಅದೇ ದರಕ್ಕೆ ಮತ್ತೆ ಹೂಡಬೇಕು. ಹಾಗೆ ಮಾಡಿದರೆ 94.21 ರೂಪಾಯಿ 2032ಕ್ಕೆ 187.88 ಆಗುತ್ತದೆ. ಅದರಲ್ಲಿ ನೂರು ಅಸಲು, 62.13 ಬಡ್ಡಿ ಕಂತುಗಳು, ಉಳಿದ 25.75 ಬಡ್ಡಿಯ ಮೇಲಿನ ಬಡ್ಡಿ.

ಕಂತುಗಳನ್ನು ಉಳಿತಾಯ ಖಾತೆಯಲ್ಲೇ ಬಿಟ್ಟರೆ? 3% ಸಿಗುತ್ತದೆ ಅಂದುಕೊಳ್ಳಿ. ಕೊನೆಗೆ 171.28 ಆಗುತ್ತದೆ, ವರ್ಷಕ್ಕೆ 6.39% ಬೆಳೆದ ಹಾಗೆ. ಒಂದು ಶೇಕಡಾ ಸುಮ್ನೆ ಹೋಯಿತು, ಬಾಂಡಿನ ತಪ್ಪು ಏನೂ ಇಲ್ಲದೆ. ಕೂಪನ್ ದೊಡ್ಡದಿದ್ದಷ್ಟೂ ಈ ಪೆಟ್ಟು ಜಾಸ್ತಿ, ಯಾಕೆಂದರೆ ಮತ್ತೆ ಹೂಡಬೇಕಾದ ಹಣವೇ ಜಾಸ್ತಿ. ಕಂತನ್ನು ಮನೆ ಖರ್ಚಿಗೆ ಬಳಸುವವರಿಗೆ ಈ ಚಿಂತೆ ಬೇಡ. ಅವರಿಗೆ ಹೂಡಿಕೆಯಲ್ಲಿ ಉಳಿದಿರುವ ಹಣದ ಮೇಲೆ 7.40 ಸಿಗುತ್ತಲೇ ಇರುತ್ತದೆ.

ನಡುವೆ ಮಾರಿದರೂ 7.40 ಸಿಗಬೇಕೆಂದಿಲ್ಲ. ಮುಂದೇನಾಯಿತು ನೋಡಿ. 2025ರ ಫೆಬ್ರವರಿಯಿಂದ ರಿಸರ್ವ್ ಬ್ಯಾಂಕ್ ರೆಪೊ ಇಳಿಸುತ್ತಾ ಬಂದು ಜೂನ್‌ನಲ್ಲಿ 5.50ಕ್ಕೆ ತಂದಿತು. ಜುಲೈ ಕಂತು ಬಂದ ಮೇಲೆ ಈ ಬಾಂಡಿಗೆ ಆರೂವರೆ ವರ್ಷ, 13 ಕಂತು ಬಾಕಿ. ಯೀಲ್ಡ್ 6.2% ಎಂದು ಹಿಡಿದರೆ ಅದರ ಬೆಲೆ 101.80 ಬರುತ್ತದೆ. ಮೂರು ವರ್ಷದ ಹಿಂದೆ 94ಕ್ಕೆ ಬಿದ್ದಿದ್ದ ಬಾಂಡ್ ಈಗ ಪ್ರೀಮಿಯಂನಲ್ಲಿ. 6.54 ಎಂಬ ಹೆಸರು ಮಾತ್ರ ಅದೇ.

94.21ಕ್ಕೆ ಕೊಂಡು, ಆರು ಕಂತು ಪಡೆದು, 101.80ಕ್ಕೆ ಮಾರಿದರೆ ವರ್ಷಕ್ಕೆ ಸುಮಾರು 9.3% ಗಳಿಕೆ. ಹಾಗಾದರೆ ಮಾರಿಬಿಡಬಹುದಲ್ಲ ಎಂದು ಮೇಷ್ಟ್ರು ಕೇಳಿದರು. ಮಾರಬಹುದು. ಆದರೆ ಆ 101.80ನ್ನು ಮತ್ತೆ ಅಷ್ಟೇ ಅವಧಿಯ ಸರ್ಕಾರಿ ಬಾಂಡಿಗೆ ಹಾಕಿದರೆ ಮುಂದೆ ಸಿಗುವುದು 6.2 ಮಾತ್ರ. ಮುಂದಿನ ಆರೂವರೆ ವರ್ಷದ ಹೆಚ್ಚುವರಿ ಗಳಿಕೆ ಈಗಲೇ ಬೆಲೆಯೊಳಗೆ ಬಂದು ಕೂತಿದೆ. ಮಾರಿ ಅಂಥದ್ದನ್ನೇ ಕೊಂಡರೆ 2032ಕ್ಕೆ ಒಟ್ಟು ಗಳಿಕೆ ಅಲ್ಲಿಗಲ್ಲಿಗೆ, ಜೊತೆಗೆ ಬಂಡವಾಳ ಲಾಭದ ತೆರಿಗೆ ಆರೂವರೆ ವರ್ಷ ಮೊದಲೇ ಕಟ್ಟಿದಂತೆ. ಹಣ ಬೇರೆ ಕೆಲಸಕ್ಕೆ ಬೇಕಿದ್ದರೆ ಮಾತ್ರ ಮಾರುವ ಮಾತು. ಅವರಿಗೆ ಬೇಕಿರಲಿಲ್ಲ.